ಓದು ಮುಗಿಯುವವರೆಗೆ ಕಂತಿಲ್ಲ, ಆದರೆ ಬಡ್ಡಿ ಓಡ್ತಾನೇ ಇರುತ್ತೆ

ಓದುಗರ ಪ್ರಶ್ನೆ: "ನಮಸ್ಕಾರ ಸಾರ್. ನಾವಿರೋದು ರಾಜಾಜಿನಗರ. ಮಗಳು ಇಲ್ಲೇ ಬೆಂಗಳೂರಲ್ಲಿ ಎಂಜಿನಿಯರಿಂಗ್ ಓದ್ತಿದ್ದಾಳೆ, ಈಗ ಎಂಟನೇ ಸೆಮ್. 2022ರ ಆಗಸ್ಟ್‌ನಿಂದ ವರ್ಷಕ್ಕೆ 2 ಲಕ್ಷದ ಹಾಗೆ ಒಟ್ಟು 8 ಲಕ್ಷ ಎಜುಕೇಷನ್ ಲೋನ್ ಆಗಿದೆ. ಸರ್ಕಾರಿ ಬ್ಯಾಂಕು, ಬಡ್ಡಿ 10%. ಓದು ಮುಗಿದು ಒಂದು ವರ್ಷದ ತನಕ ಏನೂ ಕಟ್ಟಬೇಕಿಲ್ಲ ಅಂದಿದ್ರು, ನಾನು ಬಡ್ಡಿನೂ ಇಲ್ಲ ಅಂದ್ಕೊಂಡಿದ್ದೆ. ಈ ಫೆಬ್ರವರಿಯಲ್ಲಿ ಆ್ಯಪ್ ತೆಗೆದು ನೋಡಿದ್ರೆ ಬಾಕಿ 9 ಲಕ್ಷ 60 ಸಾವಿರ! ನನ್ನ ಚೀಟಿ ದುಡ್ಡು ಒಂದೂವರೆ ಲಕ್ಷ ಕೈಗೆ ಬಂದಿದೆ. ಅದನ್ನ ಈಗಲೇ ಕಟ್ಟಲಾ? ಭಾವಮೈದ, ಚಿನ್ನ ಅಡ ಇಟ್ಟಾದ್ರೂ ಬಡ್ಡಿ ಪೂರ್ತಿ ಚುಕ್ತಾ ಮಾಡಿ ಅಂತಾನೆ. ಪಕ್ಕದ ಮನೆಯವರು ಟ್ಯಾಕ್ಸ್ ಉಳಿಯುತ್ತೆ, ಹಾಗೇ ಬಿಡಿ ಅಂತಾರೆ. ಯಾರ ಮಾತು ಕೇಳಲಿ?"

ಉತ್ತರ: ಇಬ್ಬರ ಮಾತೂ ಬೇಡ. ಒಂದೂವರೆ ಲಕ್ಷವನ್ನು ಇವತ್ತೇ ಲೋನ್‌ಗೆ ಕಟ್ಟೋದೂ ಬೇಡ. ಅದಕ್ಕೆ ಮೊದಲು ನಿಮ್ಮ ಸಾಲದ ಬಡ್ಡಿ ಯಾವ ಲೆಕ್ಕದಲ್ಲಿ ಓಡ್ತಿದೆ ಅಂತ ಒಂದು ಸಲ ನೋಡಿ. ಎಲ್ಲವೂ ಅದರ ಮೇಲೇ ನಿಂತಿದೆ.

ಆ್ಯಪ್ ತೋರಿಸ್ತಿರೋ 9.60 ಲಕ್ಷ ಎಲ್ಲಿಂದ ಬಂತು ನೋಡೋಣ. ಮೊದಲ ವರ್ಷದ 2 ಲಕ್ಷ ಹೋಗಿ ಮೂರೂವರೆ ವರ್ಷ ಆಯ್ತು, 10%ರಂತೆ ಅದಕ್ಕೆ 70 ಸಾವಿರ ಬಡ್ಡಿ. ಎರಡನೇ ವರ್ಷದ 2 ಲಕ್ಷಕ್ಕೆ ಎರಡೂವರೆ ವರ್ಷದ 50 ಸಾವಿರ. ಮೂರನೆಯದಕ್ಕೆ 30 ಸಾವಿರ. ಕಳೆದ ಆಗಸ್ಟ್‌ನಲ್ಲಿ ಹೋದದ್ದಕ್ಕೆ 10 ಸಾವಿರ. ಕೂಡಿದರೆ 1 ಲಕ್ಷ 60 ಸಾವಿರ. ನಿಮ್ಮ ಆ್ಯಪ್ ಹೇಳ್ತಿರೋದೂ ಅಷ್ಟೇ. ಅಂದರೆ ಬ್ಯಾಂಕು ತಪ್ಪು ಲೆಕ್ಕ ಹಾಕಿಲ್ಲ. ಮೊರಟೋರಿಯಂ ಅಂದರೆ ಕಟ್ಟೋದಕ್ಕೆ ರಜೆ ಅಷ್ಟೇ, ಬಡ್ಡಿಗೆ ರಜೆ ಇಲ್ಲ. ಬ್ಯಾಂಕು ಕಾಲೇಜಿಗೆ ದುಡ್ಡು ಕಳಿಸಿದ ದಿನದಿಂದಲೇ ಬಡ್ಡಿ ಶುರು. ಸ್ಯಾಂಕ್ಷನ್ ಲೆಟರ್‌ನಲ್ಲಿ ಇದು ಬರೆದಿರುತ್ತೆ. ಆದರೆ ಅಡ್ಮಿಷನ್ ಗಡಿಬಿಡಿಯಲ್ಲಿ, ಫೀಸು ಕಟ್ಟೋ ಕೊನೇ ದಿನಾಂಕ ತಲೆ ಮೇಲಿರುವಾಗ, ಅದನ್ನು ಕೂತು ಓದಿ ಸಹಿ ಹಾಕಿದ ಅಪ್ಪ ಅಮ್ಮಂದಿರನ್ನು ಬ್ಯಾಂಕಿನಲ್ಲಿ ಇಷ್ಟು ವರ್ಷ ಸಾಲದ ಟೇಬಲ್ಲಿನಲ್ಲಿ ಕೂತು ನಾನು ನೋಡಿದ್ದು ಬಹಳ ಕಡಿಮೆ.

(ಬಡ್ಡಿಗೂ ರಜೆ ಸಿಗೋ ಜನ ಇದ್ದಾರೆ. ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದು, ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಆಗಿದ್ದು, ಕಾಲೇಜು ಷರತ್ತಿಗೆ ಹೊಂದಿದ್ದರೆ, ಮೊರಟೋರಿಯಂ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟಿಕೊಡೋ ಯೋಜನೆ ಇದೆ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಹಿಡಿದು ಬ್ಯಾಂಕಿನ ಮೂಲಕವೇ ಅರ್ಜಿ ಹಾಕಬೇಕು. ನಿಮ್ಮ ಖಾತೆಗೆ ಅದು ಬಂದಿದ್ದರೆ 9.60 ಲಕ್ಷ ತೋರಿಸ್ತಿರಲಿಲ್ಲ. ನಿಮ್ಮ ಆದಾಯ ಆ ಮಿತಿಯಲ್ಲಿದ್ದೂ ಅರ್ಜಿ ಹಾಕಿಲ್ಲ ಅಂತಾದರೆ ಬೇರೆಲ್ಲ ಬಿಟ್ಟು ಮೊದಲು ಬ್ರಾಂಚ್‌ಗೆ ಹೋಗಿ ಅದನ್ನೇ ಕೇಳಿ.)

ಈಗ ಮುಖ್ಯ ವಿಷಯ. ನಮ್ಮ ಬ್ಯಾಂಕುಗಳಲ್ಲಿ ಹೆಚ್ಚಿನವು ಐಬಿಎ, ಅಂದರೆ ಭಾರತೀಯ ಬ್ಯಾಂಕುಗಳ ಸಂಘ, ಮಾಡಿರೋ ಮಾದರಿ ಯೋಜನೆಯಂತೆ ಎಜುಕೇಷನ್ ಲೋನ್ ಕೊಡುತ್ತವೆ. ಅದರ ಪ್ರಕಾರ ಓದಿನ ಅವಧಿ, ಜೊತೆಗೆ ಒಂದು ವರ್ಷ, ಇಷ್ಟಕ್ಕೂ ಸರಳ ಬಡ್ಡಿ. ಬಡ್ಡಿ ಬೆಳೀತಾ ಹೋಗುತ್ತೆ, ಆದರೆ ಆ ಬಡ್ಡಿಯ ಮೇಲೆ ಮತ್ತೆ ಬಡ್ಡಿ ಹಾಕೋಲ್ಲ. ಕಂತು ಶುರುವಾಗೋ ದಿನ ಅಲ್ಲಿವರೆಗೆ ಕೂಡಿದ ಬಡ್ಡಿಯನ್ನೆಲ್ಲ ಅಸಲಿಗೆ ಸೇರಿಸಿಬಿಡುತ್ತಾರೆ. ಇದಕ್ಕೇ ಕ್ಯಾಪಿಟಲೈಸ್ ಮಾಡೋದು ಅನ್ನೋದು. ಆ ದಿನದಿಂದ ಬಡ್ಡಿ ಅನ್ನೋದು ಬಡ್ಡಿಯಾಗಿ ಉಳಿಯೋದಿಲ್ಲ, ಅದೂ ಅಸಲೇ, ಅದರ ಮೇಲೂ 10%.

ನಿಮ್ಮ ಲೆಕ್ಕದಲ್ಲಿ ಆ ದಿನ 2027ರ ಆಗಸ್ಟ್. ಈಗಿನಿಂದ ಹದಿನೆಂಟು ತಿಂಗಳು. 8 ಲಕ್ಷಕ್ಕೆ ಆ ಹದಿನೆಂಟು ತಿಂಗಳ ಬಡ್ಡಿ ಇನ್ನೂ 1 ಲಕ್ಷ 20 ಸಾವಿರ ಬರುತ್ತೆ. ಹಳೆಯ 1.60 ಸೇರಿದರೆ 2 ಲಕ್ಷ 80 ಸಾವಿರ. ನೀವು ಒಂದು ರೂಪಾಯಿಯನ್ನೂ ಕಟ್ಟದಿದ್ದರೆ ಮಗಳ ಕಂತು ಶುರುವಾಗೋದು 8 ಲಕ್ಷದ ಮೇಲಲ್ಲ, 10 ಲಕ್ಷ 80 ಸಾವಿರದ ಮೇಲೆ.

ಇದರಿಂದ ಎಷ್ಟು ಹೊರೆ ಅಂತ ಹತ್ತು ವರ್ಷದ ಅವಧಿಗೆ ಲೆಕ್ಕ ಹಾಕೋಣ. 8 ಲಕ್ಷಕ್ಕೆ ತಿಂಗಳ ಇಎಂಐ 10,572 ರೂಪಾಯಿ. 10.80 ಲಕ್ಷಕ್ಕೆ 14,272. ವ್ಯತ್ಯಾಸ ತಿಂಗಳಿಗೆ 3,700. ನೂರಿಪ್ಪತ್ತು ತಿಂಗಳಿಗೆ 4 ಲಕ್ಷ 44 ಸಾವಿರ. ಅಂದರೆ ಕಂತು ಶುರುವಾಗೋ ಮೊದಲು 2.80 ಲಕ್ಷ ಕೊಟ್ಟು ಮುಗಿಸಬಹುದಾಗಿದ್ದ ಬಡ್ಡಿಗೆ ಆಮೇಲೆ 4.44 ಲಕ್ಷ ಕೊಡ್ತೀರಿ. ಬಡ್ಡಿಯನ್ನು ಅಸಲಿಗೆ ಸೇರಿಸಿಕೊಳ್ಳೋದಕ್ಕೆ ತೆರೋ ಬೆಲೆ 1 ಲಕ್ಷ 64 ಸಾವಿರ. ಇಎಂಐ ಕಡಿಮೆ ಕಾಣಲಿ ಅಂತ ಹದಿನೈದು ವರ್ಷಕ್ಕೆ ಎಳೆದರೆ ಅದೇ 2.80 ಲಕ್ಷ ಸುಮಾರು 5 ಲಕ್ಷ 42 ಸಾವಿರ ಆಗುತ್ತೆ, ಹೆಚ್ಚುಕಡಿಮೆ ಎರಡರಷ್ಟು. ಇದನ್ನು ಬ್ರಾಂಚ್‌ನಲ್ಲಿ ಯಾರೂ ಕೂರಿಸಿಕೊಂಡು ಹೇಳೋದಿಲ್ಲ. ಇಎಂಐ ಎಷ್ಟು ಅಂತ ಮಾತ್ರ ಹೇಳ್ತಾರೆ, ಕೇಳೋರೂ ಅಷ್ಟನ್ನೇ ಕೇಳ್ತಾರೆ.

ಹಾಗಾದರೆ ಈಗಲೇ ಕಟ್ಟಿಬಿಡೋದೇ ಒಳ್ಳೇದಲ್ವಾ ಅಂತ ನಿಮಗೆ ಅನ್ನಿಸಬಹುದು. ಸರಳ ಬಡ್ಡಿ ಆಗಿದ್ದರೆ ಅಲ್ಲ. ಇಲ್ಲೇ ತುಂಬಾ ಜನ ಎಡವೋದು.

ನೀವು ಇವತ್ತು ಒಂದೂವರೆ ಲಕ್ಷ ಕಟ್ಟಿದರೆ ಬ್ಯಾಂಕು ಅದನ್ನು ಸಾಮಾನ್ಯವಾಗಿ ಮೊದಲು ಬಾಕಿ ಬಡ್ಡಿಗೆ ಜಮಾ ಮಾಡುತ್ತೆ. 1.60 ಲಕ್ಷ ಬಡ್ಡಿ 10 ಸಾವಿರಕ್ಕೆ ಇಳಿಯುತ್ತೆ. ಅಸಲು 8 ಲಕ್ಷ ಹಾಗೇ ಇರುತ್ತೆ. ಮುಂದಿನ ತಿಂಗಳ ಬಡ್ಡಿ ಎಷ್ಟು? ಕಟ್ಟೋ ಮೊದಲು ತಿಂಗಳಿಗೆ ಸುಮಾರು 6,667 ಇತ್ತು, ಕಟ್ಟಿದ ಮೇಲೂ 6,667. ನಿಮ್ಮ ಒಂದೂವರೆ ಲಕ್ಷ ಒಂದು ಪೈಸೆ ಹೊಸ ಬಡ್ಡಿಯನ್ನೂ ತಡೆಯಲಿಲ್ಲ. ಏಕೆಂದರೆ ನೀವು ತೀರಿಸಿದ ಬಾಕಿಯ ಮೇಲೆ ಬಡ್ಡಿ ಓಡ್ತಾನೇ ಇರಲಿಲ್ಲ! ಅದನ್ನು ಇವತ್ತು ತೀರಿಸಿದರೂ ಒಂದೇ, 2027ರ ಜುಲೈನಲ್ಲಿ ತೀರಿಸಿದರೂ ಒಂದೇ. ಅಸಲಿಗೆ ಸೇರೋ ದಿನಕ್ಕಿಂತ ಮುಂಚೆ ಬಿದ್ದರೆ ಸಾಕು. ಅಲ್ಲಿವರೆಗೆ ಆ ದುಡ್ಡು ನಿಮ್ಮ ಹೆಸರಲ್ಲೇ ದುಡೀಲಿ.

ಭಾವಮೈದನ ಚಿನ್ನದ ಉಪಾಯ ಬೇಡ ಅಂದಿದ್ದೂ ಇದಕ್ಕೇ. ಚಿನ್ನದ ಸಾಲಕ್ಕೆ ವರ್ಷಕ್ಕೆ 9% ಅಂತ ಇಟ್ಟುಕೊಂಡರೂ 1.60 ಲಕ್ಷಕ್ಕೆ ಹದಿನೆಂಟು ತಿಂಗಳಿಗೆ 21,600 ರೂಪಾಯಿ ಬಡ್ಡಿ. ಬಡ್ಡಿಯೇ ಓಡದ ಬಾಕಿಯನ್ನು ಬಡ್ಡಿ ಓಡೋ ಸಾಲ ತಂದು ತೀರಿಸಿದ ಹಾಗಾಗುತ್ತೆ. ಮನಸ್ಸಿಗೆ ಸಮಾಧಾನ ಸಿಗಬಹುದು, ಜೇಬಿಗೆ ನಷ್ಟ.

ಆದರೆ ನಿಮ್ಮದು ನಿಜವಾಗಿ ಸರಳ ಬಡ್ಡಿಯೇ ಅಂತ ಖಾತ್ರಿ ಮಾಡಿಕೊಳ್ಳದೆ ಇದನ್ನೆಲ್ಲ ನಂಬಬೇಡಿ. ಕೆಲವು ಖಾಸಗಿ ಫೈನಾನ್ಸ್ ಕಂಪನಿಗಳ ಲೋನ್‌ಗಳಲ್ಲಿ ಓದಿನ ಅವಧಿಯಲ್ಲೇ ಬಡ್ಡಿ ಮೇಲೆ ಬಡ್ಡಿ ಹಾಕೋದಿದೆ. ಪತ್ತೆ ಮಾಡೋದು ಸುಲಭ. ಖಾತೆಯ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ. ಹೊಸದಾಗಿ ದುಡ್ಡು ಬಿಡುಗಡೆ ಆಗದ ಅವಧಿಯಲ್ಲಿ, ಒಂದೇ ಸಂಖ್ಯೆಯ ದಿನಗಳಿರೋ ಎರಡು ತಿಂಗಳನ್ನು ಹಿಡಿಯಿರಿ. ನಿಮಗೆ ಕಳೆದ ಅಕ್ಟೋಬರ್ ಮತ್ತು ಈ ಜನವರಿ ಸರಿಹೋಗುತ್ತೆ, ಎರಡರಲ್ಲೂ 31 ದಿನ. 8 ಲಕ್ಷಕ್ಕೆ 10%ರಂತೆ 31 ದಿನದ ಬಡ್ಡಿ 6,795 ರೂಪಾಯಿ. ಎರಡೂ ತಿಂಗಳಲ್ಲಿ ಇಷ್ಟೇ ಬಿದ್ದಿದ್ದರೆ ಸರಳ ಬಡ್ಡಿ. ಅಕ್ಟೋಬರ್‌ಗಿಂತ ಜನವರಿಯಲ್ಲಿ ಜಾಸ್ತಿ ಬಿದ್ದಿದ್ದರೆ, ಮಧ್ಯದಲ್ಲಿ ಬಡ್ಡಿ ದರವೂ ಏರಿಲ್ಲದಿದ್ದರೆ, ಅದು ಚಕ್ರಬಡ್ಡಿ. ಈ ದರದ ವಿಷಯ ಮರೀಬೇಡಿ. ಇವು ಹೆಚ್ಚಾಗಿ ಫ್ಲೋಟಿಂಗ್ ದರದ ಸಾಲಗಳು. ದರ ಬದಲಾದ ತಿಂಗಳು ಹಿಡಿದು ಹೋಲಿಸಿದರೆ ಸುಮ್ನೆ ಗಾಬರಿ.

ಬಾಕಿ ಮೊತ್ತದಲ್ಲಿ ಬಡ್ಡಿ ಸೇರಿಸಿ ತೋರಿಸ್ತಿದ್ದಾರೆ ಅಂದ ಮಾತ್ರಕ್ಕೆ ಚಕ್ರಬಡ್ಡಿ ಅಂದುಕೊಳ್ಳಬೇಡಿ. ಕೆಲವು ಬ್ಯಾಂಕುಗಳ ಆ್ಯಪ್ ಅಸಲು, ಬಡ್ಡಿ ಎರಡನ್ನೂ ಕೂಡಿಸಿ ಒಂದೇ ಅಂಕಿ ತೋರಿಸುತ್ತೆ, ಒಳಗೆ ಲೆಕ್ಕ ಹಾಕೋದು ಅಸಲಿನ ಮೇಲೆ ಮಾತ್ರ. ಪ್ರತಿ ತಿಂಗಳು ಬಿದ್ದ ಬಡ್ಡಿ ಎಷ್ಟು ಅಂತ ನೋಡಿ, ಒಟ್ಟು ಬಾಕಿಯನ್ನಲ್ಲ. ನಿಮ್ಮ ವಿಷಯದಲ್ಲಿ 9.60 ಅನ್ನೋ ಅಂಕಿಯೇ ಅರ್ಧ ಉತ್ತರ ಕೊಟ್ಟಿದೆ. ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕಿದ್ದರೆ ಇಷ್ಟು ಹೊತ್ತಿಗೆ ಬಾಕಿ 9 ಲಕ್ಷ 82 ಸಾವಿರ ಮುಟ್ಟಿರುತ್ತಿತ್ತು, 2027ರ ಆಗಸ್ಟ್‌ಗೆ 10.80 ಬದಲು 11.40 ಲಕ್ಷ ದಾಟುತ್ತಿತ್ತು. ಹಾಗಿದ್ದರೆ ನನ್ನ ಸಲಹೆ ಪೂರ್ತಿ ಉಲ್ಟಾ: ಕೈಯಲ್ಲಿರೋ ದುಡ್ಡನ್ನು ಇವತ್ತೇ ಕಟ್ಟಿ. ಅಲ್ಲಿ ಕಟ್ಟಿದ ಪ್ರತಿ ರೂಪಾಯಿಯೂ ಅವತ್ತಿನಿಂದಲೇ 10% ಉಳಿಸುತ್ತೆ, ಯಾವ ಎಫ್‌ಡಿಯೂ ಅಷ್ಟು ಕೊಡೋದಿಲ್ಲ.

ಸರಳ ಬಡ್ಡಿ ಅಂತ ಖಾತ್ರಿಯಾಯ್ತು ಅಂದುಕೊಳ್ಳೋಣ. ಆಗ ಹೀಗೆ ಮಾಡಬಹುದು. ಚೀಟಿಯ ಒಂದೂವರೆ ಲಕ್ಷವನ್ನು ಹದಿನೇಳು ಹದಿನೆಂಟು ತಿಂಗಳಿಗೆ ಎಫ್‌ಡಿ ಇಡಿ. 6% ಅಂತ ಇಟ್ಟುಕೊಂಡರೆ ಅದು ಸುಮಾರು 1 ಲಕ್ಷ 64 ಸಾವಿರ ಆಗುತ್ತೆ. ಜೊತೆಗೆ ತಿಂಗಳಿಗೆ 6 ಸಾವಿರದ ಒಂದು ಆರ್‌ಡಿ ಶುರು ಮಾಡಿದರೆ ಅಷ್ಟೇ ಅವಧಿಗೆ 1 ಲಕ್ಷ 13 ಸಾವಿರದ ಹತ್ತಿರ. ಎರಡೂ ಸೇರಿ 2 ಲಕ್ಷ 77 ಸಾವಿರ. ಬೇಕಾದದ್ದು 2.80. ಮೂರು ಸಾವಿರ ಕಡಿಮೆ ಬಿತ್ತು, ಅಷ್ಟು ತಾನೇ? ಮಗಳು ಕೆಲಸಕ್ಕೆ ಸೇರಿದ್ದರೆ ಒಂದು ತಿಂಗಳ ಸಂಬಳದಲ್ಲಿ ಅದು ಮುಗಿಯುತ್ತೆ. ಕಂತು 8 ಲಕ್ಷದ ಮೇಲೇ ಶುರು, ತಿಂಗಳಿಗೆ 10,572. ತಿಂಗಳಿಗೆ 6 ಸಾವಿರ ಆಗೋದಿಲ್ಲ, ಬಾಡಿಗೆ ಮನೆ, ಇನ್ನೊಬ್ಬ ಮಗನ ಫೀಸು ಇದೆ ಅಂದರೆ ಬರೀ ಎಫ್‌ಡಿ ಇಡಿ. 1.64 ಲಕ್ಷ ತೀರಿದರೂ ಅಸಲಿಗೆ ಸೇರೋದು 1.16 ಲಕ್ಷ ಮಾತ್ರ, ಇಎಂಐ 12,100ರ ಆಸುಪಾಸು. ಎಲ್ಲ ಅಥವಾ ಏನೂ ಇಲ್ಲ ಅನ್ನೋ ಲೆಕ್ಕ ಅಲ್ಲ ಇದು.

ದುಡ್ಡು ನಿಮ್ಮ ಹತ್ತಿರ ಇರೋದರಲ್ಲಿ ಇನ್ನೊಂದು ಅನುಕೂಲ ಇದೆ. ಈ ಹದಿನೆಂಟು ತಿಂಗಳಲ್ಲಿ ಮನೆಯಲ್ಲಿ ಯಾರಿಗಾದರೂ ಆಸ್ಪತ್ರೆ ಖರ್ಚು ಬಂದರೆ ಎಫ್‌ಡಿ ಮುರೀಬಹುದು. ಲೋನ್‌ಗೆ ಕಟ್ಟಿದ ದುಡ್ಡನ್ನು ವಾಪಸ್ ಕೇಳೋಕಾಗಲ್ಲ. ಅಪಾಯ ಇರೋದೂ ಅಲ್ಲೇ. ಸುಲಭವಾಗಿ ಮುರಿಯೋಕೆ ಬರೋ ಎಫ್‌ಡಿಯನ್ನು ನೆಂಟರ ಮದುವೆಗೋ ಹೊಸ ಸ್ಕೂಟರ್‌ಗೋ ಮುರಿದ ಮನೆಗಳು ಬೇಕಾದಷ್ಟಿವೆ. ನಿಮ್ಮ ಮನೆ ಅಂಥದ್ದು ಅಂತ ನಿಮಗೇ ಗೊತ್ತಿದ್ದರೆ ಎಫ್‌ಡಿಯ 14 ಸಾವಿರ ಬಡ್ಡಿಯ ಆಸೆ ಬಿಟ್ಟು ಈಗಲೇ ಲೋನ್‌ಗೆ ಕಟ್ಟಿಬಿಡಿ, ನಾನು ಬೇಡ ಅನ್ನಲ್ಲ. ಹಾಗೇನೇ, ಎಲ್ಲಾದರೂ ತಿಂಗಳಿಗೆ 2 ರೂಪಾಯಿ ಬಡ್ಡಿಯ ಕೈಸಾಲ ಇದ್ದರೆ ಅದು ವರ್ಷಕ್ಕೆ 24%. ಚೀಟಿ ದುಡ್ಡು ಮೊದಲು ಅಲ್ಲಿಗೆ ಹೋಗಬೇಕು, ಎಜುಕೇಷನ್ ಲೋನ್ ಕಾಯಲಿ.

ಬ್ರಾಂಚ್‌ನಲ್ಲಿ ಒಂದು ಮಾತು ಕೇಳಿ. ಓದಿನ ಅವಧಿಯಲ್ಲಿ ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟಿದವರಿಗೆ ಕೆಲವು ಬ್ಯಾಂಕುಗಳು ದರದಲ್ಲಿ 1% ರಿಯಾಯಿತಿ ಕೊಡುತ್ತವೆ. ಮೊದಲ ವರ್ಷದಿಂದ ಕಟ್ಟಿಕೊಂಡು ಬಂದವರಿಗೆ ನಿಮ್ಮಷ್ಟೇ ಸಾಲದಲ್ಲಿ ಐದು ವರ್ಷಕ್ಕೆ 28 ಸಾವಿರ ಉಳಿಯುತ್ತೆ, ಆರ್‌ಡಿ ಬಡ್ಡಿಗೆ ಹೆಚ್ಚುಕಡಿಮೆ ಸಮ, ಇದಕ್ಕೆ ಟ್ಯಾಕ್ಸೂ ಇಲ್ಲ. ಈಗ ತಾನೇ ಸಾಲ ತಗೊಳ್ತಿರೋ ಓದುಗರು ಇಂಥ ರಿಯಾಯಿತಿ ಇದ್ದರೆ ತಿಂಗಳು ತಿಂಗಳು ಕಟ್ಟಿ. ಮೊದಲ ವರ್ಷ ತಿಂಗಳಿಗೆ 1,667 ರೂಪಾಯಿ, ಅಷ್ಟು ಭಾರ ಏನಲ್ಲ. ನಿಮಗೆ ಮೂರೂವರೆ ವರ್ಷದ ಬಾಕಿ ಕೂತಿರೋದರಿಂದ ಆ ರಿಯಾಯಿತಿ ಸಿಗೋದು ಕಷ್ಟ. ಆದರೂ ಬಾಕಿ ತೀರಿಸಿದರೆ ಮುಂದಿನ ಅವಧಿಗೆ ಕೊಡ್ತೀರಾ ಅಂತ ಕೇಳಿ, ಹೌದು ಅಂದರೆ ಅದನ್ನು ಬರವಣಿಗೆಯಲ್ಲಿ ತಗೊಳ್ಳಿ. ಕೌಂಟರ್‌ನಲ್ಲಿ ಬಾಯಿಮಾತಲ್ಲಿ ಹೇಳಿದ್ದು ಸಿಬ್ಬಂದಿಯ ವರ್ಗಾವಣೆ ಜೊತೆಗೇ ಹೋಗಿಬಿಡುತ್ತೆ.

ಪಕ್ಕದ ಮನೆಯವರ ಟ್ಯಾಕ್ಸ್ ಮಾತಿಗೆ ಬರೋಣ. ಎಜುಕೇಷನ್ ಲೋನ್ ಬಡ್ಡಿಗೆ ವಿನಾಯಿತಿ ಇರೋದು ನಿಜ, 80ಇ ಅಂತ ಎಲ್ಲರೂ ಕರೆಯೋದು ಅದನ್ನೇ. ಮೊತ್ತಕ್ಕೆ ಮಿತಿ ಇಲ್ಲ ಅನ್ನೋದೂ ನಿಜ. ಆದರೆ ಅದು ಹಳೇ ತೆರಿಗೆ ಪದ್ಧತಿಯಲ್ಲಿ ಇರೋರಿಗೆ ಮಾತ್ರ. ಹೊಸ ಪದ್ಧತಿಯಲ್ಲಿದ್ದರೆ ಸೊನ್ನೆ. ಹೊಸದಾಗಿ ಕೆಲಸಕ್ಕೆ ಸೇರೋ ಹುಡುಗ ಹುಡುಗಿಯರಿಗೆ ಹೆಚ್ಚಾಗಿ ಹೊಸ ಪದ್ಧತಿಯೇ ಲಾಭ. ಹಳೇ ಪದ್ಧತಿಯಲ್ಲಿದ್ದರೂ 100 ರೂಪಾಯಿ ಬಡ್ಡಿ ಕಟ್ಟಿದರೆ ಉಳಿಯೋದು 20 ಅಥವಾ 30 ರೂಪಾಯಿ, ಮಿಕ್ಕಿದ್ದು ಕೈಯಿಂದಲೇ ಹೋಗೋದು. ಟ್ಯಾಕ್ಸ್ ಉಳಿಸೋಕೆ ಅಂತ ಬಡ್ಡಿ ಬೆಳೆಸೋದರಲ್ಲಿ ಅರ್ಥ ಇಲ್ಲ. ಇನ್ನೊಂದು ಸೂಕ್ಷ್ಮ ಇದೆ. ಈ ವಿನಾಯಿತಿ ಸಿಗೋದು ಬಡ್ಡಿ ಕಟ್ಟೋಕೆ ಶುರು ಮಾಡಿದ ವರ್ಷವೂ ಸೇರಿ ಎಂಟು ವರ್ಷ. ಹಾಗಾಗಿ ಹಳೇ ಪದ್ಧತಿಯಲ್ಲೇ ಇರೋರು ಓದಿನ ಮೊದಲ ವರ್ಷ ಸಾವಿರ ರೂಪಾಯಿ ಕಟ್ಟಿ ವಿನಾಯಿತಿ ತಗೊಂಡರೆ ಎಂಟು ವರ್ಷದ ಗಡುವು ಅವತ್ತೇ ಶುರುವಾಗಿ, ದೊಡ್ಡ ಬಡ್ಡಿ ಕಟ್ಟೋ ಕಾಲಕ್ಕೆ ಅರ್ಧ ಕರಗಿಹೋಗಿರುತ್ತೆ.

ಬಡ್ಡಿ ಕಟ್ಟದಿದ್ದರೆ ಸಿಬಿಲ್ ಸ್ಕೋರ್ ಹಾಳಾಗುತ್ತೆ ಅಂತಲೂ ಕೆಲವರು ಹೆದರಿಸ್ತಾರೆ. ಮೊರಟೋರಿಯಂ ಮುಗಿಯೋವರೆಗೆ ಕಟ್ಟೋ ಗಡುವೇ ಬಂದಿರೋದಿಲ್ಲ, ಹಾಗಾಗಿ ಅದು ಬಾಕಿ ಉಳಿಸಿಕೊಂಡ ಲೆಕ್ಕಕ್ಕೆ ಬರೋದಿಲ್ಲ. ಓದುವಾಗಲೇ ಪ್ರತಿ ತಿಂಗಳು ಬಡ್ಡಿ ಕಟ್ಟಬೇಕು ಅನ್ನೋ ಷರತ್ತಿಗೆ ಸಹಿ ಹಾಕಿದ್ದರೆ ಮಾತ್ರ ಬೇರೆ ಮಾತು.

ಹೆದರಬೇಕಾದ್ದು ಮುಂದಿನ ವರ್ಷದ ಬಗ್ಗೆ. 2027ರ ಆಗಸ್ಟ್‌ನಲ್ಲಿ ಮಗಳಿಗೆ ಕೆಲಸ ಸಿಕ್ಕಿರಲಿ ಬಿಡಲಿ, ಕಂತು ಶುರುವಾಗುತ್ತೆ. ಕೆಲಸ ಇಲ್ಲದ ಅವಧಿಗೆ ಇನ್ನಷ್ಟು ಕಾಲಾವಕಾಶ ಕೇಳೋಕೆ ಮಾದರಿ ಯೋಜನೆಯಲ್ಲಿ ದಾರಿ ಇದೆ, ಆದರೆ ಅದು ಬ್ಯಾಂಕು ಒಪ್ಪಿದರೆ. ಆಗ ಬಡ್ಡಿ ಓಡೋದು 8 ಲಕ್ಷದ ಮೇಲಲ್ಲ, ಸೇರಿಸಿದ ಮೇಲಿನ 10.80 ಲಕ್ಷದ ಮೇಲೆ. ತಿಂಗಳಿಗೆ 9 ಸಾವಿರ. ಆರು ತಿಂಗಳು ಮುಂದೂಡಿದರೆ ಕನಿಷ್ಠ 54 ಸಾವಿರ ಮತ್ತೆ ಬೆಳೆಯುತ್ತೆ. ಅಸಲನ್ನು 8 ಲಕ್ಷದಲ್ಲೇ ಹಿಡಿದಿಟ್ಟವರಿಗೆ ಇಂಥ ಆರು ತಿಂಗಳು ಬಂದರೂ ಅಷ್ಟು ನೋವಾಗೋದಿಲ್ಲ.

ಈಗ ಮಾಡಬೇಕಾದ ಕೆಲಸ. ಸ್ಯಾಂಕ್ಷನ್ ಲೆಟರ್ ತೆಗೆದು ಮೊರಟೋರಿಯಂ ಮುಗಿಯೋ ದಿನಾಂಕ ನೋಡಿ. ಬ್ಯಾಂಕಿನ ಕಂಪ್ಯೂಟರ್‌ನಲ್ಲೂ ಅದೇ ದಿನಾಂಕ ಇದೆಯಾ ಅಂತ ಕೇಳಿ, ಕೆಲವೊಮ್ಮೆ ಒಂದೆರಡು ತಿಂಗಳು ಹಿಂದೆ ಮುಂದೆ ನಮೂದಾಗಿರುತ್ತೆ. 2027ರ ಮೇ ಹೊತ್ತಿಗೆ ಬ್ರಾಂಚ್ ಮ್ಯಾನೇಜರ್ ಹೆಸರಿಗೆ ಒಂದು ಅರ್ಜಿ ಕೊಡಿ: ಬಡ್ಡಿಯನ್ನು ಅಸಲಿಗೆ ಸೇರಿಸೋ ದಿನ ಯಾವುದು, ಅವತ್ತಿಗೆ ಬಡ್ಡಿ ಬಾಕಿ ಎಷ್ಟು, ಅದನ್ನು ಮುಂಚೆಯೇ ಕಟ್ಟಿದರೆ ಬಡ್ಡಿಗೇ ಜಮಾ ಆಗುತ್ತಾ, ಇಎಂಐ ಎಷ್ಟು ಅಸಲಿನ ಮೇಲೆ ನಿಗದಿಯಾಗುತ್ತೆ. ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಆ ದಿನಕ್ಕಿಂತ ಒಂದು ವಾರ ಮುಂಚೆ ಎಫ್‌ಡಿ, ಆರ್‌ಡಿ ದುಡ್ಡು ಕೈಗೆ ಬರೋ ಹಾಗೆ ಅವಧಿ ಇಡಿ. ಕಟ್ಟಿದ ಮೇಲೆ ಸ್ಟೇಟ್‌ಮೆಂಟ್ ತೆಗೆದು ಬಡ್ಡಿ ಬಾಕಿ ಸೊನ್ನೆ ಆಗಿದೆಯಾ ನೋಡಿ.

ಅಕಸ್ಮಾತ್ ದಿನ ತಪ್ಪಿ, ಬಡ್ಡಿ ಅಸಲಿಗೆ ಸೇರಿಹೋಯ್ತು ಅಂದರೂ ಎಲ್ಲ ಮುಳುಗಿಹೋಗಲ್ಲ. ಫ್ಲೋಟಿಂಗ್ ದರದ ಸಾಲವನ್ನು ಮುಂಚೆ ಕಟ್ಟಿದರೆ ದಂಡ ಇಲ್ಲ. ಅದೇ 2.80 ಲಕ್ಷವನ್ನು ಆಮೇಲೂ ಕಟ್ಟಬಹುದು, ಬಾಕಿ 8 ಲಕ್ಷಕ್ಕೆ ಇಳಿಯುತ್ತೆ. ವ್ಯತ್ಯಾಸ ಏನಂದರೆ ಇಎಂಐ ಆಗಲೇ 14,272ಕ್ಕೆ ನಿಗದಿಯಾಗಿರುತ್ತೆ, ನೀವು ಕೇಳದೆ ಬ್ಯಾಂಕು ಅದನ್ನು ಇಳಿಸೋದಿಲ್ಲ, ಅವಧಿ ಮಾತ್ರ ಕಮ್ಮಿಯಾಗುತ್ತೆ. ಮಗಳ ಸಂಬಳ ತಡೆಯೋ ಹಾಗಿದ್ದರೆ ಅದನ್ನು ಹಾಗೇ ಬಿಡಿ. 8 ಲಕ್ಷ ಬಾಕಿಗೆ 14,272ರ ಕಂತು ಹೋಗ್ತಿದ್ದರೆ ಹತ್ತು ವರ್ಷದ ಸಾಲ ಆರು ವರ್ಷ ನಾಲ್ಕು ತಿಂಗಳಲ್ಲಿ ತೀರುತ್ತೆ. ಸಂಬಳ ಸಾಲದಿದ್ದರೆ ಕಂತು ಇಳಿಸಿ ಅಂತ ಇನ್ನೊಂದು ಅರ್ಜಿ ಕೊಡಿ.